ಗೀತಾಳಿಗೆ ಕಾಕಾನ ಪತ್ರ: ನಿನ್ನ ಐದು ಕಂತುಗಳ ಬಗ್ಗೆ

ವಿಜಯಪುರ

ಚಿ. ಗೀತಾಳಿಗೆ ಆಶೀರ್ವಾದಗಳು.

ನಮ್ಮೂರಿನ ಹಳೆಯ ನೀರಿನ ವ್ಯವಸ್ಥೆ ಬಗ್ಗೆ ನೀ ಹಾಕಿಕೊಂಡ ಐದು ಕಂತುಗಳ ಲೇಖನಮಾಲೆಯ ಪಟ್ಟಿ ಬಂತು. ಎರಡು ಸಲ ಓದಿದೆ. ಮೊದಲನೆಯದು ಆದಿಲ್ ಶಾಹಿಗಳ ಪರಿಚಯ, ಎರಡನೆಯದು ಒಬ್ಬ ದೊರೆ, ಮೂರನೆಯದು ಇನ್ನೊಬ್ಬ. ನೀರು ಬರೋದು ಯಾವಾಗ ಮಗಾ? ಮೊದಲ ಕಂತು ಓದಿದವರು ಬಾಯಾರಿಕೊಂಡೇ ಎದ್ದು ಹೋಗುತ್ತಾರೆ.

ದೊರೆಗಳ ಸಾಲು ಬಿಡು. ಒಂದು ಕಂತಿಗೆ ಒಂದೇ ಪ್ರಶ್ನೆ ಇಟ್ಟುಕೋ. ಅದಕ್ಕೆ ಅಲ್ಲೇ ಪೂರ್ತಿ ಉತ್ತರ ಕೊಡು. ಉತ್ತರ ಸಿಕ್ಕ ಮೇಲೆ ಓದುವವರ ತಲೆಯಲ್ಲಿ ತಾನಾಗಿಯೇ ಏಳುವ ಪ್ರಶ್ನೆ ಯಾವುದೋ, ಅದು ಮುಂದಿನ ಕಂತು.

ನಿನ್ನ ವಿಷಯದಲ್ಲೇ ಮಾಡಿ ನೋಡೋಣ. ಮೊದಲ ಕಂತು ತಾಜ್ ಬಾವಡಿ, ಊರಿನ ಆ ದೊಡ್ಡ ಬಾವಿ. 1620ರಲ್ಲಿ, ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ಕಟ್ಟಿದ್ದು. ಯಾರು ಬರುತ್ತಿದ್ದರು, ಎಲ್ಲಿ ಇಳಿಯುತ್ತಿದ್ದರು, ಅಷ್ಟು ದೊಡ್ಡದಾಗಿ ಯಾಕೆ ಕಟ್ಟಿದರು ಎಂದು ಹೇಳಿ ಮುಗಿಸು. ಓದಿದವರು ಕೇಳುತ್ತಾರೆ: ಇಂಥ ಬಾವಿ ಇದ್ದ ಊರಿಗೆ ಹೊರಗಿನ ನೀರೂ ಯಾಕೆ ಬೇಕಾಯಿತು? ಹಾಗಾದರೆ ಎರಡನೆಯದು ಪಕ್ಕದ ಹಳ್ಳಿ ತೊರವಿಯ ಸುರಂಗ. ಅಲ್ಲಿಂದ ನೀರು ನೆಲದೊಳಗೆ ಇಳಿಜಾರಿನಲ್ಲಿ ಹರಿದು ಬಂತು. ಮೂರನೆಯದು 1651ರ ಬೇಗಂ ತಲಾಬ್ ಕೆರೆ. ಅದರ ನೀರು ಮಣ್ಣಿನ ಕೊಳವೆಗಳಲ್ಲಿ ಊರಿಗೆ ಬಂತು. ಒತ್ತಡಕ್ಕೆ ಕೊಳವೆ ಯಾಕೆ ಒಡೆಯಲಿಲ್ಲ? ದಾರಿಯಲ್ಲಿ ಅಲ್ಲಲ್ಲಿ ಕಟ್ಟಿದ ಗಂಜ್ ಎಂಬ ಗೋಪುರಗಳಲ್ಲಿ ನೀರು ಮೇಲೇರಿ ಒತ್ತಡ ಇಳಿಯುತ್ತಿತ್ತು, ಕೆಸರೂ ತಳಕ್ಕೆ ಕೂರುತ್ತಿತ್ತು. ಇದೇ ಆ ಕಂತಿನ ಜೀವ. ಗಂಜ್‌ಗಳು ಇವತ್ತೂ ನಿಂತಿವೆ, ನೀರು ಮಾತ್ರ ಇಲ್ಲ. ಯಾವಾಗ ನಿಂತಿತು? 1686ರಲ್ಲಿ ಔರಂಗಜೇಬ ಊರು ಗೆದ್ದ ಮೇಲಿನ ಕಥೆ ನಾಲ್ಕನೆಯದು. ಐದನೆಯದು ಏನು ಉಳಿದಿದೆ ಎಂಬುದು, ಅದಕ್ಕೆ ನೀನೇ ತಿರುಗಾಡಿ ನೋಡಬೇಕು. ಎಣಿಸಿ ನೋಡು, ದೊರೆಗಳು ಬೇಕಾದಲ್ಲಿ ಒಂದೊಂದು ವಾಕ್ಯದಲ್ಲಿ ಬಂದು ಹೋದರು.

ಪ್ರತಿ ಕಂತೂ ತಾನೇ ನಿಲ್ಲಬೇಕು ಎಂದು ನಾನು ಕಲಿತದ್ದು ಪೆಟ್ಟು ತಿಂದು. ಒಂದು ವಾರಪತ್ರಿಕೆಗೆ ಆರು ಕಂತು ಕೊಟ್ಟಿದ್ದೆ. ಜಾಹೀರಾತು ಜಾಸ್ತಿ ಬಂದು ಎರಡನೆಯದು ತಪ್ಪಿತು, ಮುಂದಿನ ವಾರ ಸೀದಾ ಮೂರನೆಯದನ್ನೇ ಹಾಕಿದರು. ಅದರ ಮೊದಲ ಸಾಲು 'ಹಿಂದಿನ ಕಂತಿನಲ್ಲಿ ನೋಡಿದಂತೆ' ಎಂದಿತ್ತು. ಯಾರು ನೋಡಿದ್ದರು? ಆಮೇಲೆ ಆ ಸಾಲನ್ನು ನಾನು ಬರೆದಿಲ್ಲ. ಹಿಂದಿನದು ಬೇಕಾದರೆ ಅದು ಕೆಲಸಕ್ಕೆ ಬರುವ ಜಾಗದಲ್ಲೇ ಸೇರಿಸು: 'ತೊರವಿಯಿಂದ ಸುರಂಗದಲ್ಲಿ ಬರುತ್ತಿದ್ದ ನೀರಿನ ಜೊತೆಗೆ ಈಗ ತಲಾಬಿನದೂ ಸೇರಿತು.' ಒಂದು ವಾಕ್ಯ ಸಾಕು. ಹೊಸಬರಿಗೆ ತಿಳಿಯುತ್ತದೆ, ಹಳಬರಿಗೆ ಬೇಸರವಾಗುವುದಿಲ್ಲ. 'ಗಂಜ್' ಎಂಬ ಪದ ಮೂರನೆಯದರಲ್ಲಿ ಬಿಡಿಸಿ ಹೇಳಿದ್ದೀ ಎಂದು ಐದನೆಯದರಲ್ಲಿ ಬರೀ ಪದ ಹಾಕಬೇಡ. 'ನೀರಿನ ಗೋಪುರವಾದ ಗಂಜ್' ಎಂದು ಮತ್ತೆ ಹೇಳು.

ಕೊನೆಯ ಸಾಲಿನ ಬಗ್ಗೆ ಒಂದು ಮಾತು. ಧಾರಾವಾಹಿಯವರ ಹಾಗೆ ಉತ್ತರವನ್ನು ಅರ್ಧಕ್ಕೆ ಕತ್ತರಿಸಿ 'ಮುಂದಿನ ವಾರ' ಎನ್ನುವುದು ನನಗೆ ಸೇರುವುದಿಲ್ಲ. ಕೊಳವೆ ಯಾಕೆ ಒಡೆಯಲಿಲ್ಲ ಎಂದು ಕೇಳಿ ಗಂಜ್ ಹೇಳದೆ ನಿಲ್ಲಿಸಿದರೆ ಅದು ಮೋಸ. ಗಂಜ್ ಪೂರ್ತಿ ಹೇಳು. ಆಮೇಲೆ ಈಗ ಒಣಗಿ ನಿಂತ ಒಂದು ಗಂಜ್ ತೋರಿಸಿ ಸುಮ್ನೆ ಮುಗಿಸು. ಓದಿದವರು ತಾವೇ ಕೇಳಿಕೊಳ್ಳುತ್ತಾರೆ.

ಬರೆಯೋ ಮುಂಚೆ ಐದೂ ಕಂತಿನ ಉತ್ತರವನ್ನು ಒಂದೊಂದು ವಾಕ್ಯದಲ್ಲಿ ಬರೆದಿಡು. ಯಾವುದಕ್ಕಾದರೂ 'ಮತ್ತು' ಎಂದು ಎಳೆಯಬೇಕಾಗಿ ಬಂದರೆ ಅಲ್ಲಿ ಎರಡು ಕಂತು ಅಂಟಿಕೊಂಡಿವೆ. ಎರಡು ವಾಕ್ಯ ಒಂದೇ ಥರ ಕಂಡರೆ ಒಂದನ್ನು ತೆಗೆ. ಐದು ನಾಲ್ಕಾದರೂ ಅಡ್ಡಿಯಿಲ್ಲ. ಅದಕ್ಕೇ ಆರಂಭದಲ್ಲೇ 'ಐದು ಕಂತು' ಎಂದು ಸಾರಬೇಡ. ಮೂರಾದರೂ ಕೈಯಲ್ಲಿ ತಯಾರಿದ್ದಾಗಲೇ ಮೊದಲನೆಯದನ್ನು ಹೊರಗೆ ಬಿಡು. ಮೂರನೆಯದನ್ನು ಬರೆಯುವಾಗ ಮೊದಲನೆಯದರಲ್ಲಿ ಏನೋ ಬದಲಿಸಬೇಕು ಅಂತ ಖಂಡಿತ ಅನಿಸುತ್ತದೆ.

ಮೂರನೆಯದನ್ನೇ ಮೊದಲು ಬರೆದು ಕಳಿಸು, ಬೇರೆ ಯಾವುದೂ ಬೇಡ. ನಿಮ್ಮ ಕಾಕುಗೆ ಓದಲು ಕೊಡುತ್ತೇನೆ. ಅವಳಿಗೆ ಉಳಿದ ಕಂತುಗಳ ಸುದ್ದಿಯೇ ಗೊತ್ತಿಲ್ಲ. ಎಲ್ಲಿ ನಿಂತು 'ಇದೇನ್ರೀ?' ಎಂದು ಕೇಳುತ್ತಾಳೋ ಅಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.

ಇಂತಿ ನಿನ್ನ
ಕಾಕಾ