ದರ ಇಳಿಕೆಯ ಅಲರ್ಟ್ ಮತ್ತು ‘ಫ್ಲೆಕ್ಸಿಬಲ್’ ಟಿಕೆಟ್ ಬಗ್ಗೆ ದೂರು

ಗ್ರಾಹಕ ದೂರು ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಪೂರ್ತಿ ವಿವರ ಕೊಡದ ದರ ಅಲರ್ಟ್, ‘ಫ್ಲೆಕ್ಸಿಬಲ್’ ಎಂದು ಮಾರಿದ ಟಿಕೆಟ್‌ಗೆ ಹಣ ವಾಪಸ್ ಕೊಡದಿರುವುದು

ಮಾನ್ಯರೇ,

ನಿಮ್ಮ ಜಾಲತಾಣದಲ್ಲಿ ನಾನು, ಅಪ್ಪ, ಅಮ್ಮ ಮೂವರಿಗೆ ವಿಮಾನ ಟಿಕೆಟ್ ಕೊಂಡಿದ್ದೆ. ತಮ್ಮನಿಗೆ ಶಸ್ತ್ರಚಿಕಿತ್ಸೆ ಇತ್ತು, ಆ ಹೊತ್ತಿಗೆ ನಾವು ಅವನ ಜೊತೆ ಇರಬೇಕಿತ್ತು. ದಿನಾಂಕ ಮುಂದೆ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗಾಗಿ ಎಷ್ಟಕ್ಕೆ ಕೊಳ್ಳಬೇಕು ಎನ್ನುವುದರ ಜೊತೆಗೆ ಯಾವಾಗ ಕೊಳ್ಳಬೇಕು, ಯಾವ ಬಗೆಯ ಟಿಕೆಟ್ ಕೊಳ್ಳಬೇಕು ಎಂದೂ ನಾನು ಯೋಚಿಸಬೇಕಿತ್ತು. ಈ ಎರಡಕ್ಕೂ ನಾನು ನಂಬಿದ್ದು ನಿಮ್ಮ ಪರದೆಯ ಮೇಲಿನ ಮಾತನ್ನೇ.

ಪೂರ್ತಿ ಮೊತ್ತ ಲಗತ್ತಿಸಿದ ರಸೀದಿಯಲ್ಲಿದೆ. ಲೆಕ್ಕ ಸುಲಭವಾಗಲಿ ಎಂದು ಅಲರ್ಟ್‌ನಲ್ಲಿ ಬಂದ ದರವನ್ನು ಇಲ್ಲಿ 100 ಎಂದು ಇಟ್ಟುಕೊಳ್ಳುತ್ತೇನೆ.

ಮೊದಲು ಅಲರ್ಟ್ ವಿಷಯ. ಪ್ರಯಾಣಕ್ಕೆ 23 ದಿನ ಇರುವಾಗ ‘ದರ ಇಳಿದಿದೆ, ಈಗಲೇ ಕೊಳ್ಳಿ’ ಎಂಬ ಸಂದೇಶ ಬಂತು. ತಕ್ಷಣ ತೆರೆದು ನೋಡಿದರೆ ತಲಾ 118. ದರ ಆಗಲೇ ಏರಿಬಿಟ್ಟಿತೇ ಎಂದು ಒಬ್ಬರಿಗೆ ಹುಡುಕಿದೆ, 100 ಬಂತು. ಇಬ್ಬರಿಗೆ ಹುಡುಕಿದೆ, ಆಗಲೂ ತಲಾ 100. ಮೂವರಿಗೆ ಹುಡುಕಿದಾಗ ಮಾತ್ರ ಮೂವರಿಗೂ 118. ಹೀಗೇಕೆ ಎಂದು ನಿಮಗೆ ಚೆನ್ನಾಗಿ ಗೊತ್ತು. ಒಂದೇ ಕ್ಯಾಬಿನ್‌ನ ಸೀಟುಗಳನ್ನೂ ವಿಮಾನ ಕಂಪನಿಗಳು ಹಲವು ದರದ ಮಟ್ಟಗಳಲ್ಲಿ ಮಾರುತ್ತವೆ, ಒಂದೊಂದು ಮಟ್ಟದಲ್ಲಿ ಇಂತಿಷ್ಟೇ ಸೀಟು. ಅಗ್ಗದ ಮಟ್ಟದಲ್ಲಿ ಎರಡೇ ಸೀಟು ಉಳಿದಿದ್ದು, ಒಂದೇ ಬುಕಿಂಗ್‌ನಲ್ಲಿ ಮೂರು ಕೇಳಿದರೆ, ಮೂರಕ್ಕೂ ಮೇಲಿನ ಮಟ್ಟದ ದರವೇ ಬೀಳುತ್ತದೆ. ಇಬ್ಬರಿಗೆ ಒಂದು, ಒಬ್ಬರಿಗೆ ಇನ್ನೊಂದು ಎಂದು ಬೇರೆ ಬೇರೆ ಬುಕ್ ಮಾಡಿದ್ದರೆ ಒಟ್ಟು 318 ಆಗುತ್ತಿತ್ತು. ಒಟ್ಟಿಗೆ ಕೊಂಡರೆ 354. ಬೇರೆ ಬೇರೆ ಬುಕ್ ಮಾಡಿದರೆ ತೊಂದರೆಯೂ ಇದೆ. ವಿಮಾನ ರದ್ದಾದರೆ ಎರಡು ಬುಕಿಂಗ್‌ನವರನ್ನು ಬೇರೆ ಬೇರೆ ವಿಮಾನಕ್ಕೆ ಹಾಕಿಬಿಡಬಹುದು. ವಯಸ್ಸಾದವರ ಜೊತೆ ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ. ಆದರೆ ಆ ಆಯ್ಕೆ ಪ್ರಯಾಣಿಕರದ್ದು, ಅಲ್ವಾ? ನನ್ನ ಅಲರ್ಟ್ ಮೂವರಿಗೆ ಎಂದು ಇಟ್ಟದ್ದು. ಬಂದದ್ದು ಒಬ್ಬರ ದರ. ಅದು ಒಬ್ಬರ ದರ ಎಂದು ಸಂದೇಶದಲ್ಲಿ ಎಲ್ಲೂ ಬರೆದಿರಲಿಲ್ಲ. ಅದು ಚೆಕ್‌-ಇನ್ ಬ್ಯಾಗ್ ಇಲ್ಲದ, ಹಣ ವಾಪಸ್ ಬಾರದ ಟಿಕೆಟ್‌ನ ದರ ಎಂದೂ ಬರೆದಿರಲಿಲ್ಲ.

‘ಈಗಲೇ ಕೊಳ್ಳಿ’ ಎಂದಿರಲ್ಲ, ಅದಕ್ಕೆ ನಿಜವಾದ ಕಾರಣ ಒಂದಿತ್ತು, ಅದನ್ನೂ ಹೇಳಲಿಲ್ಲ. ಆ 100ರ ದರಕ್ಕೆ ಪ್ರಯಾಣಕ್ಕೆ ಕನಿಷ್ಠ 21 ದಿನ ಮುಂಚೆ ಕೊಳ್ಳಬೇಕು ಎಂಬ ಷರತ್ತಿತ್ತು. ಇಂಥ ಗಡುವುಗಳು ಸಾಮಾನ್ಯವಾಗಿ 21, 14, 7 ದಿನಗಳಲ್ಲಿ ಬರುತ್ತವೆ. ಅದು ದಾಟಿದರೆ ಸೀಟು ಖಾಲಿ ಇದ್ದರೂ ಆ ದರ ಸಿಗುವುದಿಲ್ಲ. ಡಾಕ್ಟರು ದಿನಾಂಕ ಖಚಿತ ಮಾಡುತ್ತೇವೆ ಎಂದಿದ್ದು ಇನ್ನು 10 ದಿನಕ್ಕೆ. ಅಲ್ಲಿವರೆಗೆ ಕಾದರೆ 13 ದಿನ ಉಳಿಯುತ್ತಿತ್ತು, ಅಂದರೆ ಎರಡು ಗಡುವು ದಾಟುತ್ತಿತ್ತು. ನಾನೇ ದರದ ನಿಯಮ ತೆರೆದು ಓದಿದ್ದರಿಂದ ಇದು ತಿಳಿಯಿತು. ‘ಇನ್ನು ಎರಡು ದಿನದಲ್ಲಿ ಈ ದರದ ಗಡುವು ಮುಗಿಯುತ್ತದೆ’ ಎಂಬ ಒಂದು ಸಾಲು ಅಲರ್ಟ್‌ನಲ್ಲಿದ್ದರೆ ಯಾರಿಗಾದರೂ ನಿರ್ಧಾರಕ್ಕೆ ಬರಲು ಸಾಕು. ಸುಮ್ನೆ ಅವಸರ ಪಡಿಸಿದರೆ ಯಾರೂ ನಂಬುವುದಿಲ್ಲ.

ಕಾಯುವುದು ಬೇಡ ಎಂದಾದ ಮೇಲೆ ಉಳಿದದ್ದು ಟಿಕೆಟ್‌ನ ಬಗೆ. ಹಣ ವಾಪಸ್ ಬಾರದ್ದಕ್ಕೆ ತಲಾ 118. ಪಕ್ಕದಲ್ಲೇ ಹಸಿರು ಗುರುತಿನ ‘ಫ್ಲೆಕ್ಸಿಬಲ್’ ತಲಾ 140. ಜಾಸ್ತಿ ಕೊಡಬೇಕಾದದ್ದು 22. ನನ್ನ ಲೆಕ್ಕ ಹೀಗಿತ್ತು: ರದ್ದಾದರೆ 118 ಹೋಗುತ್ತದೆ. ಹಾಗಾಗಿ ರದ್ದಾಗುವ ಸಾಧ್ಯತೆ ಐದರಲ್ಲಿ ಒಂದು ಪಾಲು ಇದ್ದರೂ 22 ಕೊಡುವುದು ನ್ಯಾಯ. ಡಾಕ್ಟರ ಮಾತು ಕೇಳಿದರೆ ಸಾಧ್ಯತೆ ಅದಕ್ಕಿಂತ ಜಾಸ್ತಿಯೇ ಇತ್ತು. ಹಾಗಾಗಿ ಮೂವರಿಗೂ ‘ಫ್ಲೆಕ್ಸಿಬಲ್’ ಕೊಂಡೆ. ಆದರೆ ಈ ಲೆಕ್ಕ ಸರಿಯಾಗುವುದು ರದ್ದು ಮಾಡಿದಾಗ ಹಣ ಕೈಗೆ ಬಂದರೆ ಮಾತ್ರ.

ಶಸ್ತ್ರಚಿಕಿತ್ಸೆ ಮುಂದೆ ಹೋಯಿತು, ಹೊಸ ದಿನಾಂಕ ಕೊಡಲಿಲ್ಲ. ಟಿಕೆಟ್ ರದ್ದು ಮಾಡಲು ಹೋದಾಗ ನಿಮ್ಮ ಸಿಬ್ಬಂದಿ ಹೇಳಿದ್ದು ಇಷ್ಟು: ‘ಫ್ಲೆಕ್ಸಿಬಲ್’ ಅಂದರೆ ದಿನಾಂಕ ಬದಲಿಸಲು ಶುಲ್ಕ ಇಲ್ಲ, ಆದರೆ ಹೊಸ ದಿನದ ದರ ಹೆಚ್ಚಿದ್ದರೆ ವ್ಯತ್ಯಾಸ ಕಟ್ಟಬೇಕು. ರದ್ದು ಮಾಡಿದರೆ ಹಣ ಬರುವುದಿಲ್ಲ. ನಿಮ್ಮ ಸೇವಾ ಶುಲ್ಕ ಕಳೆದು ಉಳಿದದ್ದು ಮುಂದಿನ ಟಿಕೆಟ್‌ಗೆ ಬಳಸುವ ಕ್ರೆಡಿಟ್ ಆಗುತ್ತದೆ. ಆ ಕ್ರೆಡಿಟ್ ಟಿಕೆಟ್ ಕೊಂಡ ದಿನದಿಂದ ಒಂದು ವರ್ಷ, ಅದೇ ಪ್ರಯಾಣಿಕರ ಹೆಸರಿನಲ್ಲಿ ಮಾತ್ರ ನಡೆಯುತ್ತದೆ.

ಆಮೇಲೆ ಇ-ಟಿಕೆಟ್ ತೆಗೆದು ನೋಡಿದೆ. ಷರತ್ತಿನ ಸಾಲಿನಲ್ಲಿ NONREF ಎಂದು ಅಚ್ಚಾಗಿದೆ. ಅಂದರೆ ಹಣ ವಾಪಸ್ ಇಲ್ಲ ಎಂದೇ. ವಿಮಾನ ಕಂಪನಿ ತನ್ನ ಟಿಕೆಟ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ. ಆ ಟಿಕೆಟ್ ಕೈಗೆ ಬಂದದ್ದು ಹಣ ಕಟ್ಟಿದ ಮೇಲೆ. ಹಣ ಕಟ್ಟುವ ಮುಂಚಿನ ನಿಮ್ಮ ಪುಟದಲ್ಲಿ ಇದ್ದದ್ದು ‘ಫ್ಲೆಕ್ಸಿಬಲ್, ಚಿಂತೆಯಿಲ್ಲದೆ ಬುಕ್ ಮಾಡಿ’ ಎಂಬ ಮಾತು. ಎರಡರ ಚಿತ್ರವನ್ನೂ ಲಗತ್ತಿಸಿದ್ದೇನೆ.

ಕ್ರೆಡಿಟ್ ಯಾರಿಗೂ ಉಪಯೋಗವಿಲ್ಲ ಎಂದು ನಾನು ಹೇಳುತ್ತಿಲ್ಲ. ವರ್ಷದಲ್ಲಿ ನಾಲ್ಕಾರು ಬಾರಿ ಅದೇ ಕಂಪನಿಯಲ್ಲಿ ಹಾರುವವರಿಗೆ ಅದು ಹಣಕ್ಕೆ ಸಮಾನವೇ. ಅಪ್ಪ, ಅಮ್ಮ ಹಾಗಲ್ಲ. ಈ ಒಂದು ಕಾರಣ ಬಿಟ್ಟರೆ ಅವರು ಪ್ರಯಾಣ ಮಾಡುವವರೇ ಅಲ್ಲ. ಶಸ್ತ್ರಚಿಕಿತ್ಸೆ ಒಂದು ವರ್ಷದೊಳಗೆ ಆಗುತ್ತದೆಯೇ ಎಂದು ಡಾಕ್ಟರೂ ಹೇಳುತ್ತಿಲ್ಲ. ‘ಬದಲಾವಣೆ ಉಚಿತ, ಹಣ ವಾಪಸ್ ಇಲ್ಲ’ ಎಂದು ಬರೆದಿದ್ದರೆ ನಾನು ಆ 22 ಕೊಡುತ್ತಿರಲಿಲ್ಲ. ಪೂರ್ತಿ ಹಣ ವಾಪಸ್ ಬರುವ ಟಿಕೆಟ್‌ನ ದರ ವಿಚಾರಿಸುತ್ತಿದ್ದೆ. ಅದು ಕೈಗೆಟುಕದಿದ್ದರೆ ಖಚಿತವಾಗಿ ಹೋಗುವ ನನಗೊಬ್ಬಳಿಗೆ ಅಗ್ಗದ ಟಿಕೆಟ್ ಕೊಂಡು, ಹಿರಿಯರಿಗೆ ದಿನಾಂಕ ಗೊತ್ತಾಗುವವರೆಗೆ ಕಾಯುತ್ತಿದ್ದೆ.

ಆದ್ದರಿಂದ ಮೂವರ ಟಿಕೆಟ್‌ನ ಹಣವನ್ನು, ಸೇವಾ ಶುಲ್ಕವನ್ನೂ ಸೇರಿಸಿ, ನಾನು ಪಾವತಿಸಿದ ಕಾರ್ಡಿಗೇ ಮರಳಿಸಬೇಕೆಂದು ಕೇಳುತ್ತೇನೆ. ವಿಮಾನ ಕಂಪನಿಯ ನಿಯಮ ಹೀಗಿದೆ ಎಂಬ ಉತ್ತರ ಬೇಡ. ಆ ನಿಯಮಕ್ಕೆ ‘ಫ್ಲೆಕ್ಸಿಬಲ್’ ಎಂದು ಹೆಸರಿಟ್ಟವರು ನೀವು. ಅಲರ್ಟ್‌ನಲ್ಲಿ ಪ್ರಯಾಣಿಕರ ಸಂಖ್ಯೆ, ಟಿಕೆಟ್‌ನ ಬಗೆ, ಗಡುವು ಈ ಮೂರನ್ನೂ ತೋರಿಸಿ. ಹಣ ಕಟ್ಟುವ ಪುಟದಲ್ಲಿ ‘ದಿನಾಂಕ ಬದಲಿಸಿದರೆ’ ಮತ್ತು ‘ರದ್ದು ಮಾಡಿದರೆ’ ಎಂದು ಎರಡು ಬೇರೆ ಸಾಲು ಹಾಕಿ, ರದ್ದಿನ ಮುಂದೆ ಹಣವೋ ಕ್ರೆಡಿಟ್ಟೋ ಎಂದು ಬರೆಯಿರಿ.

15 ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಬಾರದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಈ ಪಾವತಿಯ ಬಗ್ಗೆ ತಕರಾರು ಸಲ್ಲಿಸುತ್ತೇನೆ, ಗ್ರಾಹಕ ಆಯೋಗಕ್ಕೂ ಇದೇ ದಾಖಲೆಗಳನ್ನು ಕೊಡುತ್ತೇನೆ.

ಲಗತ್ತು: ಅಲರ್ಟ್ ಸಂದೇಶ, ಒಬ್ಬರಿಗೆ, ಇಬ್ಬರಿಗೆ, ಮೂವರಿಗೆ ಹುಡುಕಿದಾಗ ಬಂದ ದರದ ಚಿತ್ರಗಳು, ಪಾವತಿ ಪುಟದ ಚಿತ್ರ, ಇ-ಟಿಕೆಟ್, ರಸೀದಿ.

ಇಂತಿ,
ನಿಮ್ಮ ಗ್ರಾಹಕಿ