ಬಿಲ್ ಕೇಳಿ ಅಂದವರು ಬಿಲ್ಲಿನ ಲೆಕ್ಕವನ್ನೂ ನೋಡಲಿ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ವರ್ತಕರ ಸಭೆಯ ವರದಿ ಬಂದಿತ್ತು. ‘ಗ್ರಾಹಕರು ತಪ್ಪದೇ ಬಿಲ್ ಕೇಳಿ ಪಡೆಯಬೇಕು’ ಅಂತ ಅಧಿಕಾರಿಗಳು ಹೇಳಿದ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಸ್ವಾಮಿ, ನಾನು ಕೇಳಿಯೇ ಬಿಲ್ ಪಡೆದೆ. ಅದರಿಂದ ನನಗಾದ ತಾಪತ್ರಯವನ್ನೂ ನಾಲ್ಕು ಜನ ಓದಲಿ ಅಂತ ಈ ಪತ್ರ.

ನಮ್ಮದು ಮಾರ್ಕೆಟ್ ರಸ್ತೆಯಲ್ಲಿ ಸಣ್ಣ ಡಿಟಿಪಿ ಮತ್ತು ಮುದ್ರಣದ ಅಂಗಡಿ. ಮದುವೆ ಸೀಸನ್ನಿನ ನಡುವೆ ಪ್ರಿಂಟರ್ ಕೈಕೊಟ್ಟಿತು. ಲಗ್ನಪತ್ರಿಕೆಗೆ ಮುಂಗಡ ಕೊಟ್ಟವರು ಬಾಗಿಲಲ್ಲೇ ನಿಂತಿದ್ದರು. ಹಾಗಾಗಿ ನೀವೆಲ್ಲ ಬಲ್ಲ ಆ ದೊಡ್ಡ ಅಂಗಡಿಗೆ ಹೋಗಿ ಹೊಸ ಪ್ರಿಂಟರ್ ತಂದೆ. ಬೆಲೆ 17,700 ರೂಪಾಯಿ, ಎಲ್ಲ ತೆರಿಗೆ ಸೇರಿ. ಜಿಎಸ್‌ಟಿ ನಂಬರ್ ಕೊಟ್ಟು ಬಿಲ್ ಮಾಡಿಸಿಕೊಂಡೆ. ಬಿಲ್ಲಿನಲ್ಲಿ ಮೂಲ ಬೆಲೆ 14,514, ಕೇಂದ್ರದ ಜಿಎಸ್‌ಟಿ 1,593, ರಾಜ್ಯದ ಜಿಎಸ್‌ಟಿ 1,593, ಒಟ್ಟು 17,700 ಅಂತ ಬಂತು.

ನೋಡೋಕೆ ಚೆನ್ನಾಗಿದೆ, ಕೂಡಿದರೆ ಮೊತ್ತವೂ ಸರಿಯಾಗಿ ಬರುತ್ತದೆ. ಆದರೆ ಲೆಕ್ಕ ಪೂರ್ತಿ ತಪ್ಪು.

ಕೌಂಟರಿನ ಹುಡುಗ ಇದನ್ನು ಹೇಗೆ ಮಾಡಿದ ಅಂತ ನನ್ನ ಕಣ್ಣೆದುರೇ ತೋರಿಸಿದ. ಕ್ಯಾಲ್ಕುಲೇಟರಿನಲ್ಲಿ 17,700 ಒತ್ತಿದ, ಮೈನಸ್ ಒತ್ತಿದ, 18 ಒತ್ತಿ ಪರ್ಸೆಂಟ್ ಕೀ ಒತ್ತಿದ. 14,514 ಬಂತು. ‘ಹದಿನೆಂಟು ಪರ್ಸೆಂಟ್ ತೆಗೆದ್ವಲ್ಲ ಸಾರ್’ ಅಂದ. ತೆಗೆದದ್ದು ನಿಜ, ಆದರೆ ಯಾವುದರ ಮೇಲಿನ ಹದಿನೆಂಟು? ತೆರಿಗೆ ಬೀಳುವುದು ಮೂಲ ಬೆಲೆಯ ಮೇಲೆ. ಅವನು ತೆಗೆದದ್ದು ತೆರಿಗೆ ಸೇರಿದ ಬೆಲೆಯ ಮೇಲೆ. ಅಂದರೆ ತೆರಿಗೆಯ ಮೇಲೂ ತೆರಿಗೆ ಹಾಕಿದ ಹಾಗಾಯಿತು.

ಸರಿಯಾದ ಲೆಕ್ಕ ಕಷ್ಟದ್ದೇನೂ ಅಲ್ಲ. ಮೂಲ ಬೆಲೆಯನ್ನು 100 ಪಾಲು ಅಂದುಕೊಳ್ಳಿ. ತೆರಿಗೆ 18 ಪಾಲು. ಗ್ರಾಹಕ ಕೊಡುವುದು 118 ಪಾಲು. ಹಾಗಾದರೆ ಕೊಟ್ಟ ದುಡ್ಡನ್ನು 118ರಿಂದ ಭಾಗಿಸಬೇಕು. 17,700ನ್ನು 118ರಿಂದ ಭಾಗಿಸಿದರೆ ಒಂದು ಪಾಲಿಗೆ 150 ರೂಪಾಯಿ. ನೂರು ಪಾಲಿಗೆ 15,000, ಅದು ಮೂಲ ಬೆಲೆ. ಹದಿನೆಂಟು ಪಾಲಿಗೆ 2,700, ಅದು ತೆರಿಗೆ. ಕೇಂದ್ರಕ್ಕೆ 1,350, ರಾಜ್ಯಕ್ಕೆ 1,350. ಮುಗಿಯಿತು. ನನ್ನ ಬಿಲ್ಲಿನಲ್ಲಿ ತೆರಿಗೆ ಅಂತ ತೋರಿಸಿದ್ದು 3,186. ಹೆಚ್ಚು ತೋರಿಸಿದ್ದು 486 ರೂಪಾಯಿ.

ಇದನ್ನು ಹಿಡಿಯುವುದೂ ಸುಲಭ. ಬಿಲ್ಲಿನಲ್ಲಿರುವ ಮೂಲ ಬೆಲೆಗೆ 18 ಪರ್ಸೆಂಟ್ ಹಾಕಿ ನೋಡಿ. 14,514ಕ್ಕೆ ಹಾಕಿದರೆ 2,612 ರೂಪಾಯಿ 52 ಪೈಸೆ ಬರುತ್ತದೆ. ಎರಡನ್ನೂ ಕೂಡಿದರೆ 17,126 ರೂಪಾಯಿ 52 ಪೈಸೆ. ನಾನು ಕೊಟ್ಟದ್ದು 17,700. ಮುಂದಕ್ಕೆ ಹೋದಾಗ ಒಂದು ಮೊತ್ತ, ಹಿಂದಕ್ಕೆ ಬಂದಾಗ ಇನ್ನೊಂದು ಮೊತ್ತ ಬಂದರೆ ಲೆಕ್ಕ ಕೆಟ್ಟಿದೆ ಅಂತಲೇ ಅರ್ಥ.

‘ಒಟ್ಟು ಮೊತ್ತ ಅಷ್ಟೇ ಅಲ್ವಾ, ನಿಮಗೇನು ನಷ್ಟ?’ ಅಂತ ಅಂಗಡಿಯವರು ಕೇಳಿದರು. ಮನೆ ಬಳಕೆಗೆ ಕೊಂಡವರಿಗೆ ಇದು ತಕ್ಷಣಕ್ಕೆ ಗೊತ್ತಾಗದೇ ಇರಬಹುದು. ನನ್ನಂಥವರಿಗೆ ಹಾಗಲ್ಲ. ಈ ತೆರಿಗೆಯನ್ನು ನಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬೇಕು, ಇನ್‌ಪುಟ್ ಕ್ರೆಡಿಟ್ ಅಂತಾರಲ್ಲ ಅದು. ಬಿಲ್ಲಿನಲ್ಲಿ 3,186 ಇದೆ. 14,514ಕ್ಕೆ ಲೆಕ್ಕ ಹಾಕಿದರೆ 2,612. ನಿಜವಾಗಿ ಇರಬೇಕಾದ್ದು 2,700. ಒಂದು ಪ್ರಿಂಟರಿಗೆ ಮೂರು ತೆರಿಗೆ! ‘ಇದನ್ನ ಹೀಗೇ ಹಾಕಿದ್ರೆ ನಾಳೆ ನೋಟಿಸ್ ಬರೋದು ನಿಮಗೆ. ಮೊದಲು ಬಿಲ್ ಸರಿ ಮಾಡಿಸ್ಕೊಂಡು ಬನ್ನಿ’ ಅಂತ ನಮ್ಮ ಆಡಿಟರ್ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಅಂಗಡಿಯವರಿಗೂ ಇದು ಒಳ್ಳೆಯದಲ್ಲ. ತೆರಿಗೆ ಅಂತ ಹೇಳಿ ಜನರಿಂದ ಎಷ್ಟು ವಸೂಲಿ ಮಾಡಿದರೋ ಅಷ್ಟನ್ನೂ ಸರ್ಕಾರಕ್ಕೆ ಕಟ್ಟಬೇಕು ಅಂತ ಜಿಎಸ್‌ಟಿ ಕಾಯ್ದೆಯ 76ನೇ ಸೆಕ್ಷನ್ನಿನಲ್ಲಿ ಇದೆ. 3,186 ಅಂತ ಬರೆದು 2,700 ಕಟ್ಟಿದರೆ ಉಳಿದ 486 ಯಾರ ಜೇಬಿಗೆ ಅಂತ ಕೇಳುವವರು ಕೇಳಿಯೇ ಕೇಳುತ್ತಾರೆ.

ಅಂಗಡಿ ಬಿಟ್ಟು, ಗಿರಾಕಿಗಳನ್ನು ಕೂರಿಸಿ, ಮತ್ತೆ ಅಲ್ಲಿಗೆ ಹೋದೆ. ಮ್ಯಾನೇಜರ್ ಇಲ್ಲ, ನಾಳೆ ಬನ್ನಿ. ಮ್ಯಾನೇಜರ್ ಇದ್ದಾರೆ, ಸಿಸ್ಟಮ್ ಇಲ್ಲ, ಸಂಜೆ ಬನ್ನಿ. ಕೊನೆಗೂ ಇನ್ನೊಂದು ಬಿಲ್ ಕೊಟ್ಟರು. ಅದು ಇನ್ನೂ ಚೆಂದ! ಈ ಸಲ 118ರ ಬದಲು 109ರಿಂದ ಎರಡು ಬಾರಿ ಭಾಗಿಸಿದ್ದಾರೆ. ಒಂಬತ್ತು ಕೇಂದ್ರಕ್ಕೆ, ಒಂಬತ್ತು ರಾಜ್ಯಕ್ಕೆ ಅಂತ ಮೊದಲು ಒಂದನ್ನು ತೆಗೆದು, ಉಳಿದದ್ದರಲ್ಲಿ ಇನ್ನೊಂದನ್ನು ತೆಗೆದಿದ್ದಾರೆ. ಕೇಂದ್ರದ ತೆರಿಗೆ 1,461 ರೂಪಾಯಿ 47 ಪೈಸೆ, ರಾಜ್ಯದ್ದು 1,340 ರೂಪಾಯಿ 80 ಪೈಸೆ ಅಂತೆ. ಎರಡಕ್ಕೂ ದರ ಒಂಬತ್ತೇ, ಎರಡೂ ಬೀಳುವುದು ಅದೇ ಮೂಲ ಬೆಲೆಯ ಮೇಲೆ. ಮೊತ್ತ ಬೇರೆ ಬೇರೆ ಆಗಲು ಹೇಗೆ ಸಾಧ್ಯ? ಈ ಎರಡು ಸಾಲು ಸಮ ಇಲ್ಲದ ಬಿಲ್ ಕಂಡರೆ ಓದುಗರು ಅಲ್ಲೇ ವಾಪಸ್ ಕೊಡಬೇಕು.

ಹೀಗೆ ಮಾಡಬಾರದು ಅಂತ ನಿಯಮವೇ ಇದೆ. 2017ರ ಜಿಎಸ್‌ಟಿ ನಿಯಮಗಳಲ್ಲಿ 35ನೆಯದು ಇದಕ್ಕೇ ಇರುವುದು. ತೆರಿಗೆ ಸೇರಿದ ಬೆಲೆಯನ್ನು ತೆರಿಗೆ ದರದಿಂದ ಗುಣಿಸಿ, ನೂರಕ್ಕೆ ಎಲ್ಲ ದರಗಳ ಮೊತ್ತ ಕೂಡಿ ಬಂದದ್ದರಿಂದ ಭಾಗಿಸಿ ಅಂತ. ಎಲ್ಲ ದರಗಳ ಮೊತ್ತ, ಅಂದರೆ ಒಂಬತ್ತು ಮತ್ತು ಒಂಬತ್ತು ಸೇರಿ 18. ಹಾಗಾಗಿ ಭಾಗಿಸಬೇಕಾದ್ದು 118ರಿಂದ, ಅದೂ ಒಂದೇ ಸಲ. ಐದು ಪರ್ಸೆಂಟಿನ ವಸ್ತುವಾದರೆ 105ರಿಂದ. ಅಲ್ಲಂತೂ ಲೆಕ್ಕ ಇನ್ನೂ ಸುಲಭ, ಒಟ್ಟು ಬೆಲೆಯನ್ನು 21ರಿಂದ ಭಾಗಿಸಿದರೆ ತೆರಿಗೆಯೇ ಸಿಗುತ್ತದೆ. 210 ರೂಪಾಯಿಯಲ್ಲಿ ಹತ್ತು ರೂಪಾಯಿ ತೆರಿಗೆ.

ಪೈಸೆಗಳ ಬಗ್ಗೆ ನಾನು ತಗಾದೆ ಮಾಡುವವನಲ್ಲ. 999 ರೂಪಾಯಿಯ ವಸ್ತುವಿಗೆ ಮೂಲ ಬೆಲೆ 846.61, ಎರಡು ತೆರಿಗೆ 76.19ರಂತೆ ಹಾಕಿದರೆ ಒಂದು ಪೈಸೆ ಕಡಿಮೆ ಬೀಳುತ್ತದೆ. ಅದಕ್ಕೇ ರೌಂಡ್ ಆಫ್ ಅಂತ ಒಂದು ಸಾಲು ಇರುತ್ತದೆ. 486 ರೂಪಾಯಿ ರೌಂಡ್ ಆಫ್ ಅಲ್ಲ.

ಬಿಲ್ಲಿಂಗ್ ಸಾಫ್ಟ್‌ವೇರ್ ಮೇಲೆ ತಪ್ಪು ಹೊರಿಸುವುದನ್ನೂ ಕೇಳಿದೆ. ಸಾಫ್ಟ್‌ವೇರ್‌ನಲ್ಲಿ ದರ ತುಂಬುವಾಗ ಅದು ತೆರಿಗೆ ಸೇರಿದ್ದೋ ಅಲ್ಲವೋ ಅಂತ ಒಂದು ಆಯ್ಕೆ ಇರುತ್ತದೆ. ಅದನ್ನು ಸರಿಯಾಗಿ ಇಟ್ಟರೆ ಯಂತ್ರ ತಾನೇ ಭಾಗಿಸಿಕೊಳ್ಳುತ್ತದೆ. ಇವರು ಹೊರಗೆ ಕ್ಯಾಲ್ಕುಲೇಟರಿನಲ್ಲಿ ಕಳೆದು, ಬಂದ ಅಂಕಿಯನ್ನು ಕೈಯಲ್ಲಿ ತುಂಬಿದರೆ ಯಂತ್ರ ಏನು ಮಾಡೀತು?

ಎರಡೂ ಬಿಲ್ ಹಿಡಿದು ತೆರಿಗೆ ಕಚೇರಿಗೂ ಹೋದೆ. ಸಭೆಯಲ್ಲಿ ಭಾಷಣ ಮಾಡಿದವರು ಮೀಟಿಂಗಿನಲ್ಲಿದ್ದರು. ಅಲ್ಲಿದ್ದವರು ಬಿಲ್ ತಿರುಗಿಸಿ ನೋಡಿ, ‘ಟೋಟಲ್ ಸರಿ ಇದೆಯಲ್ರೀ, ಕಂಪ್ಲೇಂಟ್ ಏನು?’ ಅಂದರು. ತೆರಿಗೆ ಕಚೇರಿಯಲ್ಲಿ ಕೂತವರೇ ಒಟ್ಟು ಮೊತ್ತ ನೋಡಿ ಸುಮ್ಮನಾದರೆ ಕೌಂಟರಿನ ಹುಡುಗನನ್ನು ಬೈದು ಏನು ಪ್ರಯೋಜನ? ನನಗೆ ಆ ಹುಡುಗನ ಮೇಲಿಗಿಂತ ಇವರ ಮೇಲೇ ಸಿಟ್ಟು ಜಾಸ್ತಿ ಬಂತು. ಅರ್ಜಿ ಬರೆದುಕೊಡಿ, ಜೆರಾಕ್ಸ್ ತನ್ನಿ, ಸೀಲ್ ಹಾಕುವವರು ಊಟಕ್ಕೆ ಹೋಗಿದ್ದಾರೆ, ಎಲ್ಲವೂ ಆಯಿತು. ಕೂರಲು ಒಂದು ಬೆಂಚೂ ಇಲ್ಲ. ಇದ್ದ ಬೆಂಚಿನ ಮೇಲೆ ಹಳೇ ಫೈಲು ಪೇರಿಸಿದ್ದಾರೆ.

ಇದೇನು ಇಂದಿನ ಕಥೆಯಲ್ಲ. ವ್ಯಾಟ್ ಕಾಲದಲ್ಲೂ ಫಾರಂ ಬದಲಾದ ಮೇಲೆ ನಮಗೆ ತಿಳಿಯುತ್ತಿತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಸಣ್ಣ ವ್ಯಾಪಾರಿಗಳು ಯಾರನ್ನು ಕೇಳಬೇಕು ಅಂತ ಗೊತ್ತಾಗದೆ ಒದ್ದಾಡಿದರು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಸಣ್ಣ ಅಂಗಡಿಯವರಿಗೂ ನೋಟಿಸ್ ಹೋಯಿತು. ಎಷ್ಟೋ ಜನ ಕ್ಯೂಆರ್ ಬೋರ್ಡ್ ತೆಗೆದು ‘ನಗದು ಮಾತ್ರ’ ಅಂತ ಚೀಟಿ ಅಂಟಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ನೋಟಿಸ್ ಕೊಡಲು ಪುರುಸೊತ್ತು ಇರುತ್ತದೆ, ಬಿಲ್ ಬರೆಯುವುದು ಹೇಗೆ ಅಂತ ಹೇಳಿಕೊಡಲು ಇರುವುದಿಲ್ಲ.

ಅದೇ ವರ್ಷ ಸೆಪ್ಟೆಂಬರ್ 22ರಿಂದ ದರ ಇಳಿದಾಗಲೂ ಇದೇ ಗೊಂದಲ. ಎಸಿಗೆ 28ರಿಂದ 18ಕ್ಕೆ ಬಂತು. ‘ಹತ್ತು ಪರ್ಸೆಂಟ್ ಅಗ್ಗ’ ಅಂತ ಊರೆಲ್ಲ ಮಾತು, ಅಂಗಡಿಗಳಲ್ಲಿ ಜಗಳ. 38,400 ರೂಪಾಯಿಯ ಎಸಿ ಅಂದುಕೊಳ್ಳಿ. 128ರಿಂದ ಭಾಗಿಸಿದರೆ ಪಾಲಿಗೆ 300, ಮೂಲ ಬೆಲೆ 30,000. ಅದಕ್ಕೆ 18 ಪರ್ಸೆಂಟ್ ಹಾಕಿದರೆ ಹೊಸ ಬೆಲೆ 35,400. ಇಳಿದದ್ದು ಮೂರು ಸಾವಿರ, 3,840 ಅಲ್ಲ. ಹಳೇ ಬೆಲೆಯ ಮೇಲೆ ಎಂಟು ಪರ್ಸೆಂಟೂ ಪೂರ್ತಿ ಆಗುವುದಿಲ್ಲ. ಮೊದಲು ಮೂಲ ಬೆಲೆಗೆ ಇಳಿದು ಆಮೇಲೆ ಹೊಸ ತೆರಿಗೆ ಹತ್ತಬೇಕು ಅಂತ ಜನರಿಗೂ ಹೇಳಲಿಲ್ಲ, ಅಂಗಡಿಯವರಿಗೂ ಹೇಳಲಿಲ್ಲ. ಪತ್ರಿಕೆಯವರು ನೀವಾದರೂ ಒಂದು ಉದಾಹರಣೆ ಹಾಕಬಹುದಿತ್ತು. ಸಭೆಯ ಫೋಟೋಕ್ಕೆ ಅರ್ಧ ಪುಟ ಸಿಗುತ್ತದೆ, ಇಷ್ಟಕ್ಕೆ ಜಾಗ ಸಿಗುವುದಿಲ್ಲವೇ?

ಈ ಪತ್ರ ಬರೆಯುವ ಹೊತ್ತಿಗೂ ನನಗೆ ಸರಿಯಾದ ಬಿಲ್ ಸಿಕ್ಕಿಲ್ಲ. ಅಂಗಡಿಯವರು ಕೂಡಲೇ 15,000 ಮತ್ತು 2,700 ಅಂತ ನೆಟ್ಟಗೆ ಬಿಲ್ ಕೊಡಬೇಕು. ಅಧಿಕಾರಿಗಳು ಈ ರಸ್ತೆಯ ಅಂಗಡಿಗಳಿಗೆಲ್ಲ ಒಮ್ಮೆ ಬಂದು ಬಿಲ್ ಪುಸ್ತಕ ತೆಗೆಸಿ ನೋಡಬೇಕು. ಬರಲು ಆಗದಿದ್ದರೆ 118ರ ಲೆಕ್ಕವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಎಲ್ಲ ಕೌಂಟರುಗಳಿಗೆ ಅಂಟಿಸಲಿ. ಅದೂ ಆಗದಿದ್ದರೆ ವೇದಿಕೆ ಹತ್ತಿ ನಮಗೆ ಬುದ್ಧಿ ಹೇಳುವುದನ್ನಾದರೂ ನಿಲ್ಲಿಸಲಿ. ಬಿಲ್ ಕೇಳುವುದು ನಮ್ಮ ಕೆಲಸ, ಕೇಳಿದ್ದೇವೆ. ಅದನ್ನು ಓದುವುದು ಅವರ ಕೆಲಸ, ಅದಕ್ಕೇ ಅವರಿಗೆ ಸಂಬಳ. ಕಚೇರಿಯ ಆ ಬೆಂಚಿನ ಮೇಲಿನ ಫೈಲುಗಳನ್ನೂ ಯಾರಾದರೂ ತೆಗೆಸಲಿ, ವಯಸ್ಸಾದವರು ನಿಂತೇ ಕಾಯುತ್ತಿದ್ದಾರೆ.

ಇಂತಿ,
ಮಾರ್ಕೆಟ್ ರಸ್ತೆಯ ಒಬ್ಬ ಮುದ್ರಕ