ಮೂರನೇ ಸಲವೂ ಕೇಳಿಸಿಕೊಂಡವಳಿಗೆ

ಅಮ್ಮ ಹೋಗಿ ನಾಳೆಗೆ ಒಂದು ವರ್ಷ. ಏನಾಯಿತು ಅಂತ ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ಆಸ್ಪತ್ರೆಗೆ ಓಡಾಡಿದವರು, ದುಡ್ಡು ಹೊಂದಿಸಿದವರು, ಆಫೀಸಿನಲ್ಲಿ ನನ್ನ ಕೆಲಸವನ್ನೂ ಮಾಡಿದವರು, ಎಲ್ಲರಿಗೂ ಥ್ಯಾಂಕ್ಸ್. ಆ ತಿಂಗಳು ದಾಟಿದ್ದು ನಿಮ್ಮಿಂದ.

ಜಾಸ್ತಿ ಹೇಳಬೇಕಿರುವುದು ಒಬ್ಬಳ ಬಗ್ಗೆ. ಹೆಸರು ಹಾಕಬೇಡ ಅಂದಿದ್ದಾಳೆ, ಹಾಕುವುದಿಲ್ಲ.

ಎಲ್ಲರೂ ಹೊರಟುಹೋದ ಮೇಲಿನ ಮೊದಲ ರಾತ್ರಿ ಅವಳು ನನ್ನ ಜೊತೆ ಉಳಿದಳು. ನಾನು ಎತ್ತದೇ ಹೋದ ಅಮ್ಮನ ಕೊನೆಯ ಫೋನಿನ ವಿಷಯ ತೆಗೆದೆ. ಅದನ್ನು ಆಗಲೇ ಹಲವರಿಗೆ ಹೇಳಿದ್ದೆ. ಕೆಲವರು ‘ನಿನ್ನ ತಪ್ಪೇನಿಲ್ಲ’ ಅಂದಿದ್ದರು. ಕೆಲವರು ಕೌನ್ಸೆಲರ್ ನಂಬರ್ ಕೊಟ್ಟಿದ್ದರು. ಒಳ್ಳೆಯ ಮಾತುಗಳೇ. ನಾನು ಒಂದೊಂದಕ್ಕೂ ‘ಹೌದು, ಆದ್ರೆ’ ಅನ್ನುತ್ತಿದ್ದೆ. ಕೊನೆಗೆ ‘ಸರಿ, ನೋಡ್ತೀನಿ’ ಅಂದು ಸುಮ್ಮನಾಗುತ್ತಿದ್ದೆ. ನಾನು ಒಪ್ಪಿಕೊಂಡೆ ಅಂತ ಅವರು ಅಂದುಕೊಂಡಿರಬೇಕು.

ಅವಳೂ ಮೊದಲು ಅದನ್ನೇ ಮಾಡಿದಳು. ‘ನಿದ್ದೆ ಬರ್ತಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗೋಣ’ ಅಂದಳು. ‘ಹೌದು, ಆದ್ರೆ’ ಅಂದೆ. ಇನ್ನೊಂದು ದಾರಿ ಹೇಳಿದಳು. ಮತ್ತೆ ‘ಆದ್ರೆ’. ಎರಡನೇ ‘ಆದ್ರೆ’ಗೆ ಅವಳು ನಿಂತಳು.

‘ಇರು. ನೀನು ನನ್ನನ್ನ ಏನೂ ಕೇಳೇ ಇಲ್ಲ, ಅಲ್ವಾ? ನಾನೇ ಸುಮ್ನೆ ಉತ್ತರ ಕೊಡ್ತಿದೀನಿ. ಹೇಳು, ಫೋನ್ ಬಂದಾಗ ಎಲ್ಲಿದ್ದೆ?’

ಹೇಳಿದೆ. ಸ್ವಲ್ಪ ಹೊತ್ತಿಗೆ ಅದನ್ನೇ ಮತ್ತೆ ಹೇಳಿದೆ. ‘ಆಗಲೇ ಹೇಳಿದೆಯಲ್ಲ’ ಅನ್ನಲಿಲ್ಲ ಅವಳು. ಹಳೆಯ ಕತೆಯಲ್ಲಿ ಹೊಸದಾಗಿ ಏನು ಸೇರಿತು ಅಂತ ಗಮನಿಸುತ್ತಿದ್ದಳಂತೆ. ಮೊದಲ ಸಲದ ಕತೆಯಲ್ಲಿ ನಾನು ಮೀಟಿಂಗ್‌ನಲ್ಲಿದ್ದೆ. ಎರಡನೇ ಸಲಕ್ಕೆ ಮೀಟಿಂಗ್ ಮುಗಿದಿತ್ತು. ಮೂರನೇ ಸಲ ಹೇಳುವಾಗ ರಾತ್ರಿ ಮೂರು ಗಂಟೆ. ಆಗ ನಿಜ ಬಂತು. ಅಮ್ಮ ಅಂತ ನೋಡಿಯೂ, ಮತ್ತದೇ ಮಾತು ಅಂತ ಬೇಸತ್ತು, ಬೇಕಂತಲೇ ಕಟ್ ಮಾಡಿದ್ದೆ.

ಇದನ್ನು ಯಾರಿಗೂ ಹೇಳಿರಲಿಲ್ಲ. ‘ನಿನ್ನ ತಪ್ಪಲ್ಲ’ ಅಂತ ಮೊದಲೇ ತೀರ್ಪು ಬಂದುಬಿಟ್ಟರೆ, ತಪ್ಪೇನು ಅಂತ ಹೇಳುವುದಕ್ಕೆ ಜಾಗವೇ ಉಳಿಯುವುದಿಲ್ಲ.

ಅವಳು ಸಮಾಧಾನ ಹೇಳಲಿಲ್ಲ. ‘ಬೇಕಂತಲೇ...’ ಅಂತ ನನ್ನ ಮಾತನ್ನೇ ಮೆಲ್ಲಗೆ ಹೇಳಿ ಸುಮ್ಮನೆ ಕೂತಳು. ನಾನು ತುಂಬ ಹೊತ್ತು ಅತ್ತೆ. ಅಷ್ಟು ದಿನದಲ್ಲಿ ಅತ್ತಿದ್ದು ಅದೇ ಮೊದಲು.

ಅಳು ನಿಂತ ಮೇಲೆ ನೇರವಾಗಿ ಒಂದು ಮಾತು ಕೇಳಿದಳು. ‘ಬದುಕೋದೇ ಬೇಡ ಅನ್ನಿಸ್ತಿದೆಯಾ?’ ಇಲ್ಲ ಅಂದೆ. ನಿಜಕ್ಕೂ ಇರಲಿಲ್ಲ. ಹೌದು ಅಂದಿದ್ದರೆ ಬರೀ ಕೇಳಿಸಿಕೊಂಡು ಕೂರುತ್ತಿರಲಿಲ್ಲ, ಆ ಹೊತ್ತಿನಲ್ಲೇ ಡಾಕ್ಟರ್ ಹತ್ತಿರ ಎಳೆದುಕೊಂಡು ಹೋಗುತ್ತಿದ್ದೆ ಅಂತ ಆಮೇಲೆ ಹೇಳಿದಳು. ಆ ಪ್ರಶ್ನೆ ಕೇಳುವ ಧೈರ್ಯ ಬೇರೆ ಯಾರೂ ಮಾಡಿರಲಿಲ್ಲ. ಕೇಳಿದ್ದರಿಂದ ನನಗೆ ಹಗುರವೇ ಆಯಿತು.

ಮೊನ್ನೆ ಅವಳೇ ಫೋನ್ ಮಾಡಿ ಮನೆಯ ಕಷ್ಟ ಹೇಳಿಕೊಂಡಳು. ಇಷ್ಟೆಲ್ಲ ಗೊತ್ತಿದ್ದ ನಾನು ಎರಡೇ ನಿಮಿಷದಲ್ಲಿ ಮೂರು ಸಲಹೆ ಕೊಟ್ಟೆ! ‘ಸರಿ ಬಿಡು, ನೋಡ್ತೀನಿ’ ಅಂದಳು. ಆ ದನಿ ನನ್ನದೇ. ‘ತಪ್ಪಾಯ್ತು ಮಾರಾಯ್ತಿ, ಮೊದಲಿಂದ ಹೇಳು’ ಅಂದೆ. ನಕ್ಕಳು. ಆಮೇಲೆ ಒಂದೂವರೆ ಗಂಟೆ ಹೇಳಿದಳು.